ಎರಡೂ ‘3 ಕ್ಯೂಬಿಕ್ ಮೀಟರ್’ ಬಯೋಗ್ಯಾಸೇ, ಆದರೆ ಹಾಸ್ಟೆಲ್ ಅಡುಗೆಮನೆಗೆ ಒಗ್ಗಿದ್ದು ಒಂದೇ

ಹಾಸನದ ಹತ್ತಿರ ಇರುವ ನಮ್ಮ ಹಾಸ್ಟೆಲಿನಲ್ಲಿ 110 ಹುಡುಗರಿದ್ದಾರೆ. ಮೆಸ್ ಲೆಕ್ಕ ನೋಡಿಕೊಳ್ಳುವವನು ನಾನು. ಇಲ್ಲಿ ಎರಡು ಬಯೋಗ್ಯಾಸ್ ಘಟಕ ಬಳಸಿದ್ದೇವೆ. ಮೊದಲನೆಯದು ಕಮಿಟಿಯವರು ತರಿಸಿದ ರೆಡಿಮೇಡ್ ಪ್ಲಾಸ್ಟಿಕ್ ಟ್ಯಾಂಕ್. ಎರಡನೆಯದು ಈಗ ಓಡುತ್ತಿರುವುದು: ನೆಲದಲ್ಲಿ ಇಟ್ಟಿಗೆಯ ಬಾವಿ, ಅದರ ಮೇಲೆ ತೇಲುವ ಫೈಬರ್ ಡ್ರಮ್. ಎರಡರ ಬಿಲ್ಲಿನಲ್ಲೂ ‘3 ಕ್ಯೂಬಿಕ್ ಮೀಟರ್’ ಅಂತಲೇ ಬರೆದಿತ್ತು. ನನ್ನ ಓಟು ಎರಡನೆಯದಕ್ಕೆ, ಮೊದಲೇ ಹೇಳಿಬಿಡುತ್ತೇನೆ.

ಈ 3 ಅನ್ನುವುದು ತೊಟ್ಟಿಯ ಅಳತೆ ಅಲ್ಲ. ದಿನಕ್ಕೆ ಇಷ್ಟು ಗ್ಯಾಸ್ ಬರುತ್ತದೆ ಅನ್ನುವ ಲೆಕ್ಕ. ಅಡುಗೆಮನೆಯ ಮುಸುರೆ 10 ಕೆಜಿ ಹಾಕಿದರೆ ಹೆಚ್ಚುಕಮ್ಮಿ 1 ಕ್ಯೂಬಿಕ್ ಮೀಟರ್ ಗ್ಯಾಸ್ ಬರುತ್ತದೆ. ನಮ್ಮಲ್ಲಿ ದಿನಕ್ಕೆ ಸರಾಸರಿ 30 ಕೆಜಿ. ಹಾಗಾಗಿ 3. ಇಲ್ಲಿಯವರೆಗೆ ಇಬ್ಬರು ಮಾರಾಟಗಾರರೂ ಹೇಳಿದ್ದು ಸರಿಯೇ. ಆದರೆ ಅಷ್ಟು ಗ್ಯಾಸ್ ಕೊಡಲು ಒಳಗೆ ಎಷ್ಟು ಲೀಟರ್ ಸ್ಲರಿ, ಅಂದರೆ ನೀರಿನಲ್ಲಿ ಕಲಸಿ ಕೊಳೆಯಲು ಬಿಟ್ಟ ಮಿಶ್ರಣ, ನಿಲ್ಲಬೇಕು? ಇದನ್ನು ಬಿಲ್ಲಿನಲ್ಲಿ ಯಾರೂ ಬರೆಯುವುದಿಲ್ಲ. ಪ್ಲಾಸ್ಟಿಕ್ ಟ್ಯಾಂಕಿನಲ್ಲಿ ನಿಲ್ಲುತ್ತಿದ್ದುದು ಸುಮಾರು 2,000 ಲೀಟರ್. ಈಗಿನದರಲ್ಲಿ 6,000.

ಆ 30 ಕೆಜಿ ಲೆಕ್ಕ ಹಾಕಿದ್ದು ಹೇಗೆ ಅನ್ನುವುದನ್ನೂ ಹೇಳಬೇಕು, ಯಾಕೆಂದರೆ ಎಲ್ಲ ಅಳತೆಯೂ ಅದರ ಮೇಲೆ ನಿಂತಿದೆ. ಬಕೆಟ್ ಎಣಿಸಿದರೆ ಮೋಸ. ಸಾಂಬಾರ್, ಗಂಜಿ, ತಟ್ಟೆ ತೊಳೆದ ನೀರು ಸೇರಿದ ಬಕೆಟ್ಟಿನಲ್ಲಿ ಅರ್ಧ ನೀರೇ ಇರುತ್ತದೆ. ನಾವು ತೂತಿರುವ ತರಕಾರಿ ಕ್ರೇಟಿನಲ್ಲಿ ಬಸಿದು, ಆಮೇಲೆ ತಕ್ಕಡಿಗೆ ಇಡುತ್ತಿದ್ದೆವು. ಚಿತ್ರಾನ್ನದ ದಿನ 20 ಕೆಜಿ ದಾಟುತ್ತಿರಲಿಲ್ಲ. ಉಪ್ಪಿಟ್ಟಿನ ದಿನ ಮಾತ್ರ 45ಕ್ಕೆ ಹೋಗುತ್ತಿತ್ತು (ನಮ್ಮ ಹುಡುಗರ ಉಪ್ಪಿಟ್ಟು ದ್ವೇಷ ಗೊತ್ತಾಗಬೇಕಾದರೆ ನಮ್ಮ ತೂಕದ ಪುಸ್ತಕ ನೋಡಬೇಕು). ಅಳತೆಗೆ ಸರಾಸರಿ ಹಿಡಿಯಿರಿ, 45 ಅಲ್ಲ. ಜಾಸ್ತಿಯಾದದ್ದು ಗೊಬ್ಬರದ ಗುಂಡಿಗೆ ಹೋಗಲಿ.

ಈಗ ತಲೆನೋವಿನ ವಿಷಯ. ಪ್ಲಾಸ್ಟಿಕ್ ಟ್ಯಾಂಕ್ ಶುರುವಿನಲ್ಲಿ ಚೆನ್ನಾಗಿಯೇ ಉರಿಯಿತು. ಪೂರ್ತಿ 30 ಕೆಜಿ ಹಾಕಲು ಶುರು ಮಾಡಿದ ಮೇಲೆ ವಿಚಿತ್ರ ಆಯಿತು. ಮೇಲಿನ ಡ್ರಮ್ ದಿನಾ ಏರುತ್ತಿತ್ತು, ಒಲೆ ಮಾತ್ರ ಹತ್ತುತ್ತಿರಲಿಲ್ಲ. ಕಡ್ಡಿ ಗೀರಿದರೆ ಉರಿ ಬರ್ನರಿನಿಂದ ಮೇಲಕ್ಕೆ ಎದ್ದು ಪುಸಕ್ ಅಂತ ಆರಿಹೋಗುವುದು. ಭಟ್ಟರು ಪೈಪ್ ಕಟ್ಟಿದೆ ಅಂದರು, ಪ್ಲಂಬರ್ ಬಂದು ಪೈಪ್ ಬಿಚ್ಚಿ ನೋಡಿದ, ಏನೂ ಇರಲಿಲ್ಲ. ಹೊರಬರುವ ಸ್ಲರಿಯ ವಾಸನೆ ಮಾತ್ರ ಬದಲಾಗಿತ್ತು. ಸಗಣಿ ವಾಸನೆ ಹೋಗಿ, ಕೆಟ್ಟ ದೋಸೆ ಹಿಟ್ಟಿನ ಹುಳಿ ವಾಸನೆ ಬರುತ್ತಿತ್ತು. ಪಿಎಚ್ ಕಾಗದ ಅದ್ದಿದರೆ 5.5. ಅದು 7ರ ಆಸುಪಾಸು ಇರಬೇಕು. 6.5ಕ್ಕಿಂತ ಕೆಳಗೆ ಹೋದರೆ ಅಪಾಯ.

ಆಗಿದ್ದೇನು ಅಂದರೆ, ತೊಟ್ಟಿಯೊಳಗೆ ಎರಡು ಗುಂಪಿನ ಸೂಕ್ಷ್ಮಜೀವಿಗಳು ಕೆಲಸ ಮಾಡುತ್ತವೆ. ಒಂದು ಗುಂಪು ಅನ್ನವನ್ನು ಕರಗಿಸಿ ಆಮ್ಲ ಮಾಡುತ್ತದೆ. ಇನ್ನೊಂದು ಆ ಆಮ್ಲವನ್ನು ತಿಂದು ಮೀಥೇನ್ ಮಾಡುತ್ತದೆ. ಮೊದಲನೆಯದಕ್ಕೆ ಅವಸರ, ಎರಡನೆಯದು ನಿಧಾನ. ಬೆಂದ ಅನ್ನ ಬೇಗ ಕರಗುವುದರಿಂದ ಆಮ್ಲ ರಾಶಿ ಬೀಳುತ್ತದೆ, ಮೀಥೇನ್ ಮಾಡುವವು ಸುಸ್ತಾಗಿ ನಿಲ್ಲುತ್ತವೆ. ಆಗ ಡ್ರಮ್ ಏರಿಸುವುದು ಹೆಚ್ಚಾಗಿ ಕಾರ್ಬನ್ ಡೈಆಕ್ಸೈಡ್. ಅದು ಉರಿಯುವುದಿಲ್ಲವಲ್ಲ.

ಇದಕ್ಕೆ ಲೆಕ್ಕವೂ ಇದೆ. ನಮ್ಮ 30 ಕೆಜಿಯಲ್ಲಿ ನೀರು ಕಳೆದರೆ ಉಳಿಯುವುದು ಸುಮಾರು 7 ಕೆಜಿ ಒಣ ಪದಾರ್ಥ. ಅದರಲ್ಲಿ ಕೊಳೆಯುವಂಥದ್ದು ಸುಮಾರು 6 ಕೆಜಿ. ಕಲಕುವ ಯಂತ್ರ ಇಲ್ಲದ ಸಣ್ಣ ತೊಟ್ಟಿ ಪ್ರತಿ 1,000 ಲೀಟರಿಗೆ ದಿನಕ್ಕೆ 1 ಕೆಜಿಯಷ್ಟು ಆರಾಮಾಗಿ ತಡೆಯುತ್ತದೆ. ಒಂದೂವರೆ ಕೆಜಿ ಆದರೆ ಕಣ್ಣಿಟ್ಟಿರಬೇಕು. 2,000 ಲೀಟರಿನ ಟ್ಯಾಂಕಿಗೆ 6 ಕೆಜಿ ಹಾಕಿದರೆ 1,000 ಲೀಟರಿಗೆ 3 ಕೆಜಿ ಬಿತ್ತು. ಹುಳಿಯಾಗದೆ ಇನ್ನೇನು?

ಕಂಪನಿಯ ಹುಡುಗ ಬಂದು ಸುಣ್ಣ ಕಲಸಿ ಹಾಕಿದ. ಕಾಗದದ ಬಣ್ಣ ಸರಿಹೋಯಿತು, ಕೆಲವೇ ದಿನಗಳಲ್ಲಿ ಮತ್ತೆ ಹುಳಿ. ನಿಜವಾಗಿ ಕೆಲಸ ಮಾಡಿದ್ದು ಬೇರೆ: ಮುಸುರೆ ಹಾಕುವುದನ್ನು ಪೂರ್ತಿ ನಿಲ್ಲಿಸಿದೆವು, ಸ್ವಲ್ಪ ಸ್ಲರಿ ತೆಗೆದು ಹಸಿ ಸಗಣಿಯ ನೀರು ತುಂಬಿಸಿದೆವು, ಉರಿ ಮತ್ತೆ ನೀಲಿಗೆ ತಿರುಗಿದ ಮೇಲೆ 5 ಕೆಜಿಯಿಂದ ಶುರು ಮಾಡಿದೆವು. ಆಮೇಲೆ 10 ಕೆಜಿ ದಾಟಿಸಲಿಲ್ಲ. ಅಷ್ಟಕ್ಕೆ ಅದು ಚೆನ್ನಾಗಿ ಓಡಿತು. ಟ್ಯಾಂಕ್ ಕೆಟ್ಟದ್ದಲ್ಲ, ಅದು 10 ಕೆಜಿಯ ಟ್ಯಾಂಕ್, ಅಷ್ಟೆ. ಈಗ ಸಿಬ್ಬಂದಿ ಕ್ವಾರ್ಟರ್ಸ್ ಪಕ್ಕದಲ್ಲಿದೆ.

ಎರಡನೆಯ ಘಟಕ ಕಟ್ಟಿದವರು ಸಗಣಿ ಗ್ಯಾಸಿನ ಹಳೇ ಕೈ. ಅವರದು ಸಗಣಿ ಲೆಕ್ಕ: 25 ಕೆಜಿಗೆ 1 ಕ್ಯೂಬಿಕ್ ಮೀಟರ್ ಗ್ಯಾಸ್. 3 ಬೇಕಾದರೆ 75 ಕೆಜಿ ಸಗಣಿ, ಅಷ್ಟೇ ನೀರು. ದಿನಕ್ಕೆ 150 ಲೀಟರ್ ಆಯಿತು. 40 ದಿನ ಒಳಗೆ ನಿಲ್ಲಬೇಕು ಅಂತ ಹಿಡಿದರೆ 6,000 ಲೀಟರ್. ನಮ್ಮ 30 ಕೆಜಿ ಅನ್ನಕ್ಕೆ ಬೇಕಾದದ್ದೂ ಅಷ್ಟೇ! ಪ್ಲಾಸ್ಟಿಕ್ ಟ್ಯಾಂಕಿನವರೂ ದಿನದ ಲೆಕ್ಕವನ್ನೇ ಹಾಕಿದ್ದರು: 30 ಕೆಜಿ, 30 ಲೀಟರ್ ನೀರು, 30 ದಿನ, ಒಟ್ಟು 1,800 ಲೀಟರ್. ಆದರೆ ಒಂದು ಕೆಜಿ ಅನ್ನ ಎರಡೂವರೆ ಕೆಜಿ ಸಗಣಿಯಷ್ಟು ಗ್ಯಾಸ್ ಕೊಡುತ್ತದೆ. ಅಷ್ಟು ಗಟ್ಟಿ ಆಹಾರಕ್ಕೆ ಬರೀ ದಿನ ಎಣಿಸಿದರೆ ಸಾಲದು. ನಾನು ಈಗ ಕೇಳಿದವರಿಗೆ ಹೇಳುವುದು, ಬಸಿದ ಮುಸುರೆ ಕೆಜಿಗೆ 200 ಲೀಟರ್ ಸ್ಲರಿ ಜಾಗ.

ದೊಡ್ಡದರ ತೊಂದರೆಯನ್ನೂ ಮುಚ್ಚಿಡುವುದಿಲ್ಲ. ಶುರುವಿನಲ್ಲಿ ತುಂಬಿಸಲು ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಸಗಣಿ ತರಿಸಬೇಕಾಯಿತು. ದುಡ್ಡೂ ಪ್ಲಾಸ್ಟಿಕ್ ಟ್ಯಾಂಕಿಗಿಂತ ಸುಮಾರು ಒಂದೂವರೆ ಪಟ್ಟು ಬಿತ್ತು. ಒಮ್ಮೆ ಕಟ್ಟಿದರೆ ಅಲ್ಲಾಡಿಸುವ ಹಾಗಿಲ್ಲ.

ಗ್ಯಾಸ್ ಹಿಡಿದಿಡಲು ಗುಮ್ಮಟ, ಬಲೂನಿಗಿಂತ ತೇಲುವ ಡ್ರಮ್ಮೇ ಗೆದ್ದಿತು. ದಿನಕ್ಕೆ 3 ಅಂದರೆ ಗಂಟೆಗೆ 125 ಲೀಟರ್. ರಾತ್ರಿ ಎಂಟರಿಂದ ಬೆಳಿಗ್ಗೆ ಆರರವರೆಗೆ ಒಲೆ ಹಚ್ಚುವುದಿಲ್ಲ, ಅಷ್ಟರಲ್ಲಿ 1,250 ಲೀಟರ್ ಸೇರುತ್ತದೆ. ಡ್ರಮ್ಮಿನಲ್ಲಿ 1,500 ಲೀಟರ್ ಹಿಡಿದರೆ ಸಾಕು. ಎಷ್ಟಿದೆ ಅಂತ ಕಣ್ಣಿಗೇ ಕಾಣುತ್ತದೆ.

ದೀನಬಂಧು ಮಾದರಿಯ ಇಟ್ಟಿಗೆ ಗುಮ್ಮಟವನ್ನೂ ಯೋಚಿಸಿದ್ದೆವು. ಸಗಣಿಗಾದರೆ ಅದನ್ನೇ ಹೇಳುತ್ತಿದ್ದೆ. ನಮ್ಮ ಮುಸುರೆಯಲ್ಲಿ ಎಣ್ಣೆ ಜಾಸ್ತಿ, ಮೇಲೆ ಕೆನೆ ಕಟ್ಟಿದರೆ ಗುಮ್ಮಟದೊಳಗೆ ತೆಗೆಯುವುದು ಕಷ್ಟ. ಬಲೂನ್ ಮಾದರಿಗೆ ನಮ್ಮ ಹಿತ್ತಲಿನ ಇಲಿಗಳೇ ಉತ್ತರ.

ಉಳಿತಾಯ? 3 ಕ್ಯೂಬಿಕ್ ಮೀಟರಿಗೆ 1.3 ಕೆಜಿ ಎಲ್‌ಪಿಜಿ ಸಮ. ಅಂದರೆ ಹದಿನೈದು ದಿನಕ್ಕೊಂದು 19 ಕೆಜಿ ಸಿಲಿಂಡರ್. ಇಡೀ ಅಡುಗೆಗೆ ಸಾಲದು, ಹಾಲು, ಕಾಫಿ, ಬಿಸಿನೀರಿನ ಒಲೆ ಮಾತ್ರ. ರಜೆಯಲ್ಲೂ ಸಿಬ್ಬಂದಿ ಊಟದ ಮುಸುರೆ ಸ್ವಲ್ಪ ಹಾಕುತ್ತಿರಬೇಕು. ಹುಡುಗರು ವಾಪಸ್ ಬಂದ ದಿನವೇ 30 ಕೆಜಿ ಸುರಿಯಬಾರದು, ವಾರವಿಡೀ ಏರಿಸುತ್ತಾ ಹೋಗಬೇಕು. ದಿನಕ್ಕೆ 10 ಕೆಜಿಯ ಒಳಗಿರುವವರು, ಬಾಡಿಗೆ ಕಟ್ಟಡದಲ್ಲಿರುವವರು ಪ್ಲಾಸ್ಟಿಕ್ ಟ್ಯಾಂಕನ್ನೇ ತಗೊಳ್ಳಿ. ಅದಕ್ಕಿಂತ ಮೇಲಿನವರು ಮಾರುವವರಿಂದ ಸ್ಲರಿ ಎಷ್ಟು ಲೀಟರ್ ಅಂತ ಬಿಲ್ಲಿನ ಮೇಲೆ ಕೈಯಲ್ಲಿ ಬರೆಸಿಕೊಂಡ ಮೇಲೆ ಅಡ್ವಾನ್ಸ್ ಕೊಡಿ.