ಮೇಕರ್ ಶುಲ್ಕವೋ, ಟೇಕರ್ ಶುಲ್ಕವೋ: ದಿನಾ ಟ್ರೇಡ್ ಮಾಡುವವರಿಗೆ ಯಾವುದು ಸರಿ?

ಕ್ರಿಪ್ಟೋ ಎಕ್ಸ್‌ಚೇಂಜ್‌ನಲ್ಲಿ ಮಾರ್ಕೆಟ್ ಆರ್ಡರ್ ಹಾಕಿದರೆ, ಆಗಲೇ ಕಾದಿರುವ ಯಾರದ್ದೋ ಆರ್ಡರ್ ಅನ್ನು ನೀವು ಎತ್ತಿಕೊಳ್ಳುತ್ತೀರಿ. ಆಗ ನೀವು ಟೇಕರ್. ನಿಮ್ಮ ಬೆಲೆ ಹೇಳಿ ಆರ್ಡರ್ ಬುಕ್‌ನಲ್ಲಿ ಕಾದು ಕೂತರೆ ಮೇಕರ್. ಕಾಯುವವರಿಗೆ ಸಾಮಾನ್ಯವಾಗಿ ಶುಲ್ಕ ಕಡಿಮೆ.

ಟೇಕರ್‌ಗೆ 0.40%, ಮೇಕರ್‌ಗೆ 0.25% ಅಂದುಕೊಳ್ಳಿ. ಕೈಯಲ್ಲಿರುವುದು 1 ಲಕ್ಷ ರೂಪಾಯಿ. ದಿನಕ್ಕೊಮ್ಮೆ ಕೊಂಡು ಮಾರುತ್ತೀರಿ, ತಿಂಗಳಿಗೆ 20 ದಿನ. ಶುಲ್ಕ ಎರಡೂ ಕಡೆ ಬೀಳುತ್ತದೆ. ಟೇಕರ್ ಆದರೆ ದಿನಕ್ಕೆ 800, ತಿಂಗಳಿಗೆ 16,000 ರೂಪಾಯಿ. ಮೇಕರ್ ಆದರೆ 10,000. ಅಂದರೆ ಅಗ್ಗದ ದಾರಿಯಲ್ಲೂ ಬಂಡವಾಳದ ಹತ್ತನೇ ಒಂದು ಭಾಗ ಹೋಯಿತು! 0.40% ಅಂತ ಓದುವಾಗ ಇದು ಹೊಳೆಯುವುದೇ ಇಲ್ಲ, ಅಲ್ವಾ?

ಹಾಗಂತ ಮೇಕರ್ ಆಗುವುದು ಪುಕ್ಕಟೆ ಲಾಭವಲ್ಲ. ಬೆಲೆ ನಿಮ್ಮನ್ನು ಬಿಟ್ಟು ಮೇಲೆ ಹೋದರೆ ಕೊಳ್ಳುವ ಆರ್ಡರ್ ಕೂತಲ್ಲೇ ಕೂರುತ್ತದೆ. ಬೆಲೆ ಜೋರಾಗಿ ಕುಸಿಯುವಾಗ ಮಾತ್ರ ತಕ್ಷಣ ಭರ್ತಿಯಾಗುತ್ತದೆ, ಅದೂ ನಿಮಗೆ ಬೇಡವಾದ ಹೊತ್ತಲ್ಲಿ. ನಷ್ಟ ಬೆಳೆಯದಂತೆ ಮಾರಿ ಹೊರಬರುವ ಸ್ಟಾಪ್‌ಲಾಸ್‌ಗೆ ನಾನಂತೂ ಟೇಕರ್ ಶುಲ್ಕವನ್ನೇ ಕೊಡುತ್ತೇನೆ. ಕೊಳ್ಳುವಾಗ ಮಾತ್ರ ಕಾಯುತ್ತೇನೆ.

ಇನ್ನೊಂದು ವಿಷಯ. ನಿಮ್ಮ ಬೆಲೆ ಬರೆದು ಲಿಮಿಟ್ ಆರ್ಡರ್ ಹಾಕಿದ ಮಾತ್ರಕ್ಕೆ ಮೇಕರ್ ಆಗುವುದಿಲ್ಲ. ಮಾರುವವರ ಬೆಲೆಗೆ ಸಮ ಅಥವಾ ಅದಕ್ಕಿಂತ ಜಾಸ್ತಿ ಬೆಲೆ ಬರೆದರೆ ಆ ಕ್ಷಣವೇ ಖರೀದಿ ನಡೆದು ಟೇಕರ್ ಶುಲ್ಕ ಬೀಳುತ್ತದೆ. 'ಪೋಸ್ಟ್ ಓನ್ಲಿ' ಆಯ್ಕೆ ಇದ್ದರೆ ಅದನ್ನು ಒತ್ತಿ. ಆಗ ಅಂಥ ಆರ್ಡರ್ ರದ್ದಾಗುತ್ತದೆ.

ಭಾರತದಲ್ಲಿ 2022ರ ಜುಲೈನಿಂದ ಮಾರಾಟದ ಮೇಲೆ 1% ಟಿಡಿಎಸ್ ಕೂಡ ಇದೆ. ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು, ಆದರೆ ಅಲ್ಲಿಯವರೆಗೆ ಆ ಹಣ ಟ್ರೇಡಿಂಗ್‌ಗೆ ಸಿಗುವುದಿಲ್ಲ.