ಡಿವಿಡಿ ಜಾಗದ ಹಾರ್ಡ್ ಡಿಸ್ಕ್ ಕ್ಯಾಡಿ: ಎರಡು ವರ್ಷ ಬಳಸಿದ ಮೇಲೆ

ಲ್ಯಾಪ್‌ಟಾಪ್‌ನ ಮುಖ್ಯ ಜಾಗಕ್ಕೆ ಎಸ್ಎಸ್‌ಡಿ ಹಾಕಿ, ಹಳೆಯ 500 ಜಿಬಿ ಹಾರ್ಡ್ ಡಿಸ್ಕನ್ನು ಡಿವಿಡಿ ಡ್ರೈವ್ ಇದ್ದ ಜಾಗಕ್ಕೆ ಸೇರಿಸಲು ಈ ಕ್ಯಾಡಿ ಕೊಂಡೆ. ದಪ್ಪ 9.5 ಮಿ.ಮೀ. ಮತ್ತು 12.7 ಮಿ.ಮೀ. ಎಂದು ಎರಡು ಬಗೆ ಇರುವುದರಿಂದ ಡಿವಿಡಿ ಡ್ರೈವನ್ನು ಅಳೆದೇ ತರಿಸಿದ್ದೆ. ಸರಿಯಾಗಿ ಕುಳಿತಿತು. ಆದರೆ ಡಿಸ್ಕ್ ಮಾತ್ರ ಬಯಾಸ್ ಪಟ್ಟಿಯಲ್ಲೂ ಇಲ್ಲ, ಲಿನಕ್ಸ್‌ನಲ್ಲೂ ಇಲ್ಲ.

```
dmesg | grep -i "sata link"
```

ಡಿವಿಡಿ ಜಾಗದ ಪೋರ್ಟ್‌ನ ಸಾಲಿನಲ್ಲಿ `SATA link down (SStatus 0 SControl 300)` ಎಂದಿತ್ತು. ಅಲ್ಲಿ ಒಂದು ಸಾಧನ ಇದೆ ಎಂಬ ಸುಳಿವೇ ಪೋರ್ಟ್‌ಗೆ ಸಿಕ್ಕಿಲ್ಲ ಎಂದು ಇದರ ಅರ್ಥ. ಹಾಗಾಗಿ ಫಾರ್ಮ್ಯಾಟ್, ಪಾರ್ಟಿಷನ್ ಎಂದು ತಲೆ ಕೆಡಿಸಿಕೊಳ್ಳುವ ಅಗತ್ಯವಿರಲಿಲ್ಲ. ಡಿವಿಡಿ ಡ್ರೈವನ್ನು ಮರಳಿ ಹಾಕಿದೆ. ಕೆಲಸ ಮಾಡಿತು, ಅಂದರೆ ಪೋರ್ಟ್ ಚೆನ್ನಾಗಿದೆ. ಹಾರ್ಡ್ ಡಿಸ್ಕನ್ನು ಮುಖ್ಯ ಜಾಗಕ್ಕೆ ಹಾಕಿದೆ, ಅದೂ ಚೆನ್ನಾಗಿದೆ. ಉಳಿದದ್ದು ಕ್ಯಾಡಿ ಒಂದೇ.

ಕ್ಯಾಡಿಯ ಕನೆಕ್ಟರ್ ಪಕ್ಕದ ಹಲಗೆಯ ಮೇಲೆ ಅಕ್ಕಿಕಾಳಿನಷ್ಟು ಚಿಕ್ಕ ಜಾರುವ ಸ್ವಿಚ್ ಇತ್ತು, ಮೂರು ಸ್ಥಾನಗಳದ್ದು. ಡಿವಿಡಿ ಜಾಗದ ಸಾಟಾ ಕನೆಕ್ಟರ್‌ನಲ್ಲಿ ವಿದ್ಯುತ್ತಿಗೆ ಆರೇ ಪಿನ್‌ಗಳು. ಅವುಗಳಲ್ಲಿ ಒಂದು ‘ಸಾಧನ ಇದೆ’ ಎಂದು ತಿಳಿಸುವುದಕ್ಕೆ ಮೀಸಲು. ಈ ಸಂಕೇತವನ್ನು ಎಲ್ಲ ಲ್ಯಾಪ್‌ಟಾಪ್‌ಗಳೂ ಒಂದೇ ರೀತಿ ನೋಡುವುದಿಲ್ಲವಾದ್ದರಿಂದ ಹೊಂದಿಸಿಕೊಳ್ಳಲು ಸ್ವಿಚ್ ಇಡುತ್ತಾರೆ. ಲ್ಯಾಪ್‌ಟಾಪ್ ಆರಿಸಿ, ಬ್ಯಾಟರಿ ತೆಗೆದು, ಹಲ್ಲುಕಡ್ಡಿಯಿಂದ ಒಂದೊಂದೇ ಸ್ಥಾನ ಸರಿಸುತ್ತಾ ಹೋದೆ. ಮೂರನೆಯದರಲ್ಲಿ ಡಿಸ್ಕ್ ಕಾಣಿಸಿತು. ನನ್ನ ಪೂರ್ತಿ ಒಂದು ಸಂಜೆ ಉಳಿಸಬಹುದಾಗಿದ್ದ ಈ ಸ್ವಿಚ್ ಬಗ್ಗೆ ಕೈಪಿಡಿಯಲ್ಲಿ ಒಂದಕ್ಷರವೂ ಇಲ್ಲ. ಇದು ನಿಜಕ್ಕೂ ಬೇಸರದ ವಿಷಯ.

ಒಂದೂವರೆ ವರ್ಷದ ನಂತರ ಬಯಾಸ್ ನವೀಕರಿಸಿದೆ, ಡಿಸ್ಕ್ ಮತ್ತೆ ಮಾಯ. ಈ ಸಲ ಲಕ್ಷಣವೇ ಬೇರೆ: ಬಯಾಸ್ ಪಟ್ಟಿಯಲ್ಲಿ ಹೆಸರು ಇದೆ, ಲಿನಕ್ಸ್ ಏರಿದ ಸ್ವಲ್ಪ ಹೊತ್ತಿಗೆ ಇಲ್ಲವಾಗುತ್ತದೆ. ಕ್ಯಾಡಿಯನ್ನು ಬಿಚ್ಚುವ ಮೊದಲು ಸೆಟ್ಟಿಂಗ್‌ಗಳನ್ನು ನೋಡಿದೆ. ನವೀಕರಣದಿಂದ ಅವೆಲ್ಲ ಮೂಲಸ್ಥಿತಿಗೆ ಮರಳಿದ್ದವು. ಬಳಸದ ಡಿವಿಡಿ ಡ್ರೈವ್‌ಗೆ ವಿದ್ಯುತ್ ಕಡಿತಗೊಳಿಸುವ ಆಯ್ಕೆಯೂ ಮತ್ತೆ ಚಾಲೂ ಆಗಿತ್ತು. ಅದನ್ನು ನಿಲ್ಲಿಸಿದ ಮೇಲೆ ತೊಂದರೆ ಬಂದಿಲ್ಲ. ಈ ಆಯ್ಕೆಯ ಹೆಸರು ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತದೆ, ಕೆಲವದರಲ್ಲಿ ಇರುವುದೇ ಇಲ್ಲ. ಡಿವಿಡಿ ಪೋರ್ಟನ್ನೇ ಮುಚ್ಚುವ ಆಯ್ಕೆ ಬೇರೆ ಇರಬಹುದು. ಹಾಗಿದ್ದರೆ ಹಳೆಯ ಡಿವಿಡಿ ಡ್ರೈವ್ ಕೂಡ ಕಾಣಿಸುವುದಿಲ್ಲ.

ವೇಗದ ಬಗ್ಗೆ ಒಂದು ಮಾತು. ನನ್ನ ಯಂತ್ರದಲ್ಲಿ ಈ ಪೋರ್ಟ್ 1.5 Gbps ದಾಟುವುದಿಲ್ಲ, ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 150 ಎಂಬಿ. ಹಾರ್ಡ್ ಡಿಸ್ಕ್‌ಗೆ ಅಷ್ಟು ಸಾಕು. ಎಸ್ಎಸ್‌ಡಿಯನ್ನು ಇಲ್ಲಿ ಹಾಕಬೇಡಿ, ಮುಖ್ಯ ಜಾಗದಲ್ಲೇ ಇರಲಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಕಳೆದ ಒಂದೂವರೆ ಅಂಕ ಆ ಕೈಪಿಡಿಗೆ.