ಯುಟಿಸಿಯಿಂದ ಭಾರತೀಯ ಸಮಯಕ್ಕೆ: ಒಂದೇ ಲಾಗ್ ಹಾಳೆಯ ಮೇಲೆ ನಾಲ್ಕು ಸೂತ್ರಗಳ ಹೋಲಿಕೆ

ಹ್ಯಾಮ್ ರೇಡಿಯೊದಲ್ಲಿ ಪ್ರತಿ ಸಂಪರ್ಕದ ಸಮಯವನ್ನೂ ಯುಟಿಸಿಯಲ್ಲಿ ಬರೆದಿಡುವುದು ರೂಢಿ. ರಾತ್ರಿಯ ಯಾವ ಹೊತ್ತಿನಲ್ಲಿ 40 ಮೀಟರ್ ಬ್ಯಾಂಡಿನಲ್ಲಿ ನನಗೆ ಹೆಚ್ಚು ಸಂಪರ್ಕಗಳು ಸಿಕ್ಕಿವೆ ಎಂದು ತಿಳಿಯಲು, ಬೆಂಗಳೂರಿನ ನನ್ನ ಲಾಗಿನ 412 ಸಾಲುಗಳನ್ನು ಎಕ್ಸೆಲ್‌ನಲ್ಲಿ ಭಾರತೀಯ ಸಮಯಕ್ಕೆ ಬದಲಾಯಿಸಬೇಕಾಯಿತು. ಐದೂವರೆ ಗಂಟೆ ಕೂಡಿಸುವಷ್ಟೇ ಕೆಲಸ ಎಂದುಕೊಂಡು ಕುಳಿತವನು ಕೊನೆಗೆ ನಾಲ್ಕು ಬಗೆಯ ಸೂತ್ರಗಳನ್ನು ಅದೇ ಹಾಳೆಯ ಮೇಲೆ ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಿದೆ. ಎಲ್ಲಕ್ಕೂ ಒಂದೇ ಉದಾಹರಣೆಯನ್ನು ಇಟ್ಟುಕೊಳ್ಳುತ್ತೇನೆ: 2025ರ ಫೆಬ್ರವರಿ 28ರಂದು ಯುಟಿಸಿ 20:15ಕ್ಕೆ ಆದ ಸಂಪರ್ಕ. ನಮ್ಮ ಗಡಿಯಾರದಲ್ಲಿ ಆಗ ಮಾರ್ಚ್ 1ರ ಬೆಳಗಿನ ಜಾವ 01:45.

ಸ್ಪ್ರೆಡ್‌ಶೀಟಿನಲ್ಲಿ ಒಂದು ಪೂರ್ಣ ದಿನದ ಬೆಲೆ 1. ಆದ್ದರಿಂದ ಮಧ್ಯಾಹ್ನ ಹನ್ನೆರಡು ಎಂದರೆ 0.5, ಒಂದು ಗಂಟೆ ಎಂದರೆ 1/24, ಐದೂವರೆ ಗಂಟೆ ಎಂದರೆ 5.5/24. ಈ ಭಾಗಾಕಾರವನ್ನು ಹಾಗೆಯೇ ಬರೆಯಬೇಕು. ನಾನು ಮೊದಲು ಜಾಣತನ ಮಾಡಿ 0.229 ಎಂದು ಬರೆದಿದ್ದೆ. ಅದು ಐದೂವರೆ ಗಂಟೆಗಿಂತ ಸುಮಾರು 14 ಸೆಕೆಂಡು ಕಡಿಮೆ, ಮತ್ತು ಗಂಟೆ-ನಿಮಿಷವನ್ನಷ್ಟೇ ತೋರಿಸುವಾಗ ಎಕ್ಸೆಲ್ ಸೆಕೆಂಡುಗಳನ್ನು ಕತ್ತರಿಸಿಬಿಡುವುದರಿಂದ 01:45ರ ಬದಲು 01:44 ಎಂದು ಕಾಣಿಸಿತು. ಇಡೀ ಅಂಕಣ ಒಂದು ನಿಮಿಷ ಹಿಂದೆ ಬಿದ್ದಿದ್ದರೆ ಕಾರಣವನ್ನು ಇಲ್ಲಿ ಹುಡುಕಬಹುದು.

ಮೊದಲ ಸೂತ್ರ ಬರಿಯ ಕೂಡಿಕೆ. ಮೊದಲ ಮೂರು ಸೂತ್ರಗಳಲ್ಲೂ A ಅಂಕಣದಲ್ಲಿರುವುದು ಯುಟಿಸಿ ಸಮಯ ಮಾತ್ರ, ಫಲಿತಾಂಶ C ಅಂಕಣದಲ್ಲಿ.

```
=A2+5.5/24
```

20:15ರ ಬೆಲೆ 0.84375. ಅದಕ್ಕೆ ಐದೂವರೆ ಗಂಟೆ ಸೇರಿದಾಗ 1.0729 ಆಗುತ್ತದೆ. ಸೆಲ್‌ನ ರೂಪ `hh:mm` ಆಗಿದ್ದರೆ ಎಕ್ಸೆಲ್ ಪೂರ್ಣಾಂಕದ ಭಾಗವನ್ನು ತೋರಿಸದೆ 01:45 ಎಂದೇ ಕಾಣಿಸುತ್ತದೆ, ಮತ್ತು ನೋಡುವವನಿಗೆ ಕೆಲಸ ಮುಗಿಯಿತೆನಿಸುತ್ತದೆ. ನನಗೂ ಹಾಗೇ ಅನಿಸಿತ್ತು. ಆದರೆ ಮಧ್ಯರಾತ್ರಿಯಿಂದ ಬೆಳಗಿನ ಆರರವರೆಗಿನ ಸಂಪರ್ಕಗಳನ್ನು ಎಣಿಸಲು ಈ ಸೂತ್ರ ಹಾಕಿದಾಗ, ಕೈಯಲ್ಲಿ ಎಣಿಸಿದರೆ 137 ಬರುವ ಕಡೆ 9 ಬಂದಿತು.

```
=COUNTIF(C2:C413,"<0.25")
```

ಆ ಒಂಬತ್ತು ಯಾವುವು ಎಂದು ಹುಡುಕಿದಾಗ ದೋಷ ತಾನಾಗಿಯೇ ಬಯಲಾಯಿತು. ಯುಟಿಸಿ 18:30ರಿಂದ ಮಧ್ಯರಾತ್ರಿಯವರೆಗಿನ ಸಂಪರ್ಕಗಳೆಲ್ಲ ಕೂಡಿಕೆಯ ನಂತರ 1 ಅಥವಾ ಅದಕ್ಕಿಂತ ದೊಡ್ಡ ಸಂಖ್ಯೆಗಳಾಗಿದ್ದವು, 0.25ಕ್ಕಿಂತ ಕೆಳಗೆ ಉಳಿದದ್ದು ಯುಟಿಸಿ 00:00ರ ನಂತರದ ಅರ್ಧ ಗಂಟೆಯವು, ಅಂದರೆ ನಮ್ಮ 05:30ರಿಂದ 06:00ರವರೆಗಿನವು ಮಾತ್ರ. ಇಂಥ ಅನುಮಾನ ಬಂದಾಗ ಸೆಲ್‌ನ ರೂಪವನ್ನು `[h]:mm` ಎಂದು ಬದಲಿಸಿ ನೋಡಿದರೆ ಸಾಕು. 01:45 ಎಂದು ನಟಿಸುತ್ತಿದ್ದ ಸೆಲ್ 25:45 ಎಂದು ನಿಜ ಹೇಳುತ್ತದೆ.

ಎರಡನೆಯದು ಗಂಟೆ ಮತ್ತು ನಿಮಿಷಗಳನ್ನು ಬಿಡಿಸಿ ಮತ್ತೆ ಜೋಡಿಸುವ ಸೂತ್ರ.

```
=TIME(HOUR(A2)+5,MINUTE(A2)+30,0)
```

ಇದರಲ್ಲಿ ಭಿನ್ನರಾಶಿಯ ಗೊಡವೆಯೇ ಇಲ್ಲ. ಗಂಟೆ 25 ಆದರೆ `TIME` ತಾನೇ 24ನ್ನು ಕಳೆದು 1 ಎಂದುಕೊಳ್ಳುತ್ತದೆ, ನಿಮಿಷ 60 ದಾಟಿದರೆ ಗಂಟೆಗೆ ಸೇರಿಸುತ್ತದೆ. ಎಣಿಕೆ ಸರಿಯಾಗಿ 137 ಬಂದಿತು. ಆದರೆ ಹಿಂದಕ್ಕೆ ಹೋಗುವಾಗ ಇದು ಕೈಕೊಡುತ್ತದೆ. ಕೈಗಡಿಯಾರ ನೋಡಿ 02:10 ಎಂದು ಬರೆದಿಟ್ಟಿದ್ದ ಸಂಪರ್ಕವನ್ನು ಯುಟಿಸಿಗೆ ತಿರುಗಿಸಲು 5 ಗಂಟೆ, 30 ನಿಮಿಷ ಕಳೆದಾಗ ಮೊತ್ತ ಸೊನ್ನೆಗಿಂತ ಕೆಳಗಿಳಿದು `#NUM!` ಎಂದಿತು. ಮೊದಲ ಸೂತ್ರದಲ್ಲೇ ಕೂಡುವ ಬದಲು ಕಳೆದರೆ ಸೆಲ್ ತುಂಬ `#####` ಬರುತ್ತದೆ, ಏಕೆಂದರೆ 1900ರಿಂದ ದಿನ ಎಣಿಸುವ ಎಕ್ಸೆಲ್‌ಗೆ ಋಣ ಸಮಯವನ್ನು ತೋರಿಸಲು ಬರುವುದಿಲ್ಲ. ಅಂಕಣವನ್ನು ಎಷ್ಟು ಅಗಲ ಮಾಡಿದರೂ ಅದು ಹೋಗದು. ನಾನು ಅಗಲ ಮಾಡುತ್ತಲೇ ಸ್ವಲ್ಪ ಹೊತ್ತು ಕಳೆದದ್ದು ಬೇರೆ ಮಾತು.

ಮೂರನೆಯದು ಶೇಷ ತೆಗೆಯುವ ಸೂತ್ರ.

```
=MOD(A2+5.5/24,1)
```

1ರಿಂದ ಭಾಗಿಸಿ ಉಳಿದ ಶೇಷವನ್ನಷ್ಟೇ ಇಟ್ಟುಕೊಂಡಾಗ 1.0729 ಎಂಬುದು 0.0729 ಆಗುತ್ತದೆ, ಅದೇ 01:45. ಹಿಂದಕ್ಕೂ ಇದು ಸಲೀಸು: 02:10ರಿಂದ ಐದೂವರೆ ಗಂಟೆ ಕಳೆದಾಗ ಬರುವ −0.1389 ಎಂಬುದನ್ನು 0.8611 ಮಾಡಿ 20:40 ಎಂದು ಕೊಡುತ್ತದೆ, ಏಕೆಂದರೆ `MOD` ಕೊಡುವ ಶೇಷಕ್ಕೆ ಭಾಜಕದ ಚಿಹ್ನೆ ಇರುತ್ತದೆ. ಗಡಿಯಾರದ ಮುಖ ಮಾತ್ರ ಬೇಕಾದಾಗ ಎರಡನೆಯದಕ್ಕಿಂತ ಇದೇ ಮೇಲು. ಇದರಲ್ಲಿ ಒಂದು ಸಣ್ಣ ಮುಳ್ಳು ಮಾತ್ರ ಇದೆ. ಕೈಯಲ್ಲಿ ಬರೆದ 18:30 ನನಗೆ ತೊಂದರೆ ಕೊಡಲಿಲ್ಲ. ಆದರೆ ಕಾಲು ಗಂಟೆಯನ್ನು ಮತ್ತೆ ಮತ್ತೆ ಕೂಡಿಸಿ ತಯಾರಿಸಿದ ಸಮಯಗಳಲ್ಲಿ ಕೂದಲೆಳೆಯಷ್ಟು ದಶಮಾಂಶ ದೋಷ ಸೇರುವ ಸಂಭವವಿದ್ದು, ಸರಿಯಾಗಿ ಸೊನ್ನೆ ಬರಬೇಕಾದ ಕಡೆ 0.9999… ಬಂದರೆ ಆ ಸಾಲು ದಿನದ ಮೊದಲ ತುದಿಯಿಂದ ಕೊನೆಯ ತುದಿಗೆ ಹಾರಿಬಿಡುತ್ತದೆ. ನಿಮಿಷಗಳಿಗೆ ತಂದು ಪೂರ್ಣಾಂಕ ಮಾಡಿಕೊಂಡರೆ ಈ ಭಯವಿಲ್ಲ.

```
=MOD(ROUND((A2+5.5/24)*1440,0),1440)/1440
```

ಆದರೆ ಎರಡನೆಯ ಮತ್ತು ಮೂರನೆಯ ಸೂತ್ರಗಳೆರಡೂ ದಿನವನ್ನು ಸದ್ದಿಲ್ಲದೆ ನುಂಗುತ್ತವೆ. ಪಕ್ಕದ ಅಂಕಣದಲ್ಲಿ ಫೆಬ್ರವರಿ 28 ಹಾಗೆಯೇ ಉಳಿದು, ಅದರ ಮುಂದೆ 01:45 ಬಂದು ಕುಳಿತರೆ, ಆ ಸಾಲು ನಿಜಕ್ಕಿಂತ ಸರಿಯಾಗಿ ಒಂದು ದಿನ ಹಿಂದಿನದಾಗುತ್ತದೆ. ಹೀಗಾಗಿ ನನ್ನ ಹಾಳೆಯಲ್ಲಿ ಉಳಿದುಕೊಂಡದ್ದು ನಾಲ್ಕನೆಯದು: ದಿನಾಂಕ A ಅಂಕಣದಲ್ಲಿ, ಸಮಯ B ಅಂಕಣದಲ್ಲಿ ಇದ್ದಾಗ ಮೂರನ್ನೂ ಒಟ್ಟಿಗೆ ಕೂಡಿಸುವುದು.

```
=A2+B2+5.5/24
```

ಇಲ್ಲಿ ಮಧ್ಯರಾತ್ರಿ ಒಂದು ಸಮಸ್ಯೆಯೇ ಅಲ್ಲ. ಮೊದಲ ಸೂತ್ರದಲ್ಲಿ ಕಾಟ ಕೊಟ್ಟ ಆ ಹೆಚ್ಚುವರಿ 1 ಇಲ್ಲಿ ದಿನಾಂಕಕ್ಕೆ ಸೇರಿ, ಫೆಬ್ರವರಿ 28 ತಾನಾಗಿ ಮಾರ್ಚ್ 1 ಆಗುತ್ತದೆ. ಅಧಿಕ ವರ್ಷ, ತಿಂಗಳ ಕೊನೆ, ಡಿಸೆಂಬರ್ 31 ಯಾವುದಕ್ಕೂ ಬೇರೆ ನಿಯಮ ಬರೆಯಬೇಕಿಲ್ಲ. ಫಲಿತಾಂಶ C ಅಂಕಣದಲ್ಲಿದ್ದರೆ `=INT(C2)` ದಿನಾಂಕವನ್ನೂ `=MOD(C2,1)` ಗಂಟೆಯನ್ನೂ ಕೊಡುತ್ತದೆ. ನನ್ನ ಎಣಿಕೆ ಈಗ ನಡೆಯುವುದು ಈ ಎರಡನೆಯದರ ಮೇಲೆ, ವಿಂಗಡಣೆ ಮಾತ್ರ C ಅಂಕಣದ ಮೇಲೆ.

ಹಾಗೆಂದು ಇದು ಎಲ್ಲ ಹಾಳೆಗೂ ನೇರವಾಗಿ ಹೊಂದುವುದಿಲ್ಲ. ಲಾಗ್ ತಂತ್ರಾಂಶದಿಂದ ತೆಗೆದ ಕಡತದಲ್ಲಿ ಸಮಯ 2015 ಎಂದು ಬರಿಯ ಅಂಕಿಗಳಾಗಿ ಬಂದಿದ್ದಾಗ, ಎಕ್ಸೆಲ್ ಅದನ್ನು ಎರಡು ಸಾವಿರದ ಹದಿನೈದು ದಿನಗಳೆಂದು ಓದಿತು. ಇದರ ಗುರುತು ಸುಲಭ: ದಿನಾಂಕ ಐದಾರು ವರ್ಷ ಮುಂದಕ್ಕೆ ಹೋಗಿರುತ್ತದೆ, ಗಂಟೆ ಎಲ್ಲ ಸಾಲುಗಳಲ್ಲೂ ಒಂದೇ ರೀತಿ 05:30 ಇರುತ್ತದೆ. ಆಗ B2ರ ಬದಲು ಇದನ್ನು ಬಳಸಬೇಕು:

```
TIME(INT(B2/100),MOD(B2,100),0)
```

ಯುಟಿಸಿಗೂ ಭಾರತೀಯ ಸಮಯಕ್ಕೂ ನಡುವಿನ ಅಂತರ ವರ್ಷವಿಡೀ ಒಂದೇ ಆದ್ದರಿಂದಲೇ 5.5ನ್ನು ಸೂತ್ರದೊಳಗೆ ಬರೆದಿಡಬಹುದು. ನ್ಯೂಯಾರ್ಕಿನ ಗೆಳೆಯರೊಬ್ಬರು ಇದೇ ಹಾಳೆಯನ್ನು ಕೇಳಿದಾಗ ಹಾಗೆ ಕೊಡಲಾಗಲಿಲ್ಲ. ಅವರಿಗೆ ಚಳಿಗಾಲದಲ್ಲಿ −5/24, ಬೇಸಿಗೆಯಲ್ಲಿ −4/24. 2025ರಲ್ಲಿ ಆ ಬದಲಾವಣೆ ಮಾರ್ಚ್ 9ಕ್ಕೆ ಮತ್ತು ನವೆಂಬರ್ 2ಕ್ಕೆ ಆಯಿತು. ಅವರ ಪ್ರತಿಯಲ್ಲಿ D ಎಂಬ ಅಂಕಣವನ್ನು ಸೇರಿಸಿ, ಆಯಾ ಸಾಲಿನ ಅಂತರವನ್ನು ಗಂಟೆಗಳಲ್ಲಿ ಬರೆದು, ಸೂತ್ರವನ್ನು `=A2+B2+D2/24` ಎಂದು ಬದಲಿಸಿ ಕಳುಹಿಸಿದೆ.